ಅಕ್ಕ ನೀರಿಗಿಳಿಯಲಿಲ್ಲ

ಕಳೆದ ದೀಪಾವಳಿಗೆ ಸಾಗರಕ್ಕೆ ಹೋದಾಗ ಅಕ್ಕನಿಗೆ ನಾನು ತಪ್ಪು ಆಟ ಕೊಟ್ಟೆ. ಅದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅಕ್ಕ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ನಿವೃತ್ತಿಯಾಗಿ ಎರಡು ವರ್ಷವಾಗಿದೆ. "ನೀನು ಯಾವಾಗ್ಲೂ ಆಡ್ತಿರ್ತೀಯಲ್ಲ, ಸೈನ್ಯ ಕಟ್ಟೋ ಆಟ, ಅದನ್ನ ನಂಗೂ ಒಂದ್ಸಲ ತೋರಿಸೋ. ಅವಸರ ಏನಿಲ್ಲ, ನಿಧಾನಕ್ಕೆ ಕಲೀತೀನಿ" ಅಂದಳು. ನಾನು ಹಿಂದೆ ಮುಂದೆ ಯೋಚಿಸದೆ ಏಜ್ ಆಫ್ ಎಂಪೈರ್ಸ್ 2 ತೆರೆದು ಅವಳ ಮುಂದಿಟ್ಟೆ. ಇಪ್ಪತ್ತು ವರ್ಷದಿಂದ ನನಗೆ ಪ್ರಿಯವಾದ ಆಟ ಅದು, ಅವಳಿಗೂ ಹಿಡಿಸುತ್ತದೆ ಅಂದುಕೊಂಡಿದ್ದೆ. ಎರಡು ದಿನದಲ್ಲಿ ಮೂರು ಸಲ ಸೋತು, ಲ್ಯಾಪ್‌ಟಾಪ್ ಮುಚ್ಚಿ, "ಇದು ನಮ್ಮಂಥೋರಿಗಲ್ಲ ಬಿಡು" ಅಂತ ಎದ್ದು ಹೋದಳು. ಸೋತದ್ದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಯಾಕೆ ಸೋತೆ ಅನ್ನುವುದು ಮೂರು ಸಲವೂ ಗೊತ್ತಾಗಲಿಲ್ಲ, ಬೇಜಾರಿದ್ದದ್ದು ಅದಕ್ಕೆ.

ಸ್ಟ್ರಾಟಜಿ ಆಟಗಳಲ್ಲಿ ಎರಡು ದೊಡ್ಡ ಕುಲಗಳಿವೆ. ಒಂದರಲ್ಲಿ ಗಡಿಯಾರ ಎಲ್ಲರಿಗೂ ಒಟ್ಟಿಗೆ ಓಡುತ್ತದೆ, ನೀವು ಯೋಚಿಸುತ್ತ ಕೂತಾಗಲೂ ಎದುರಾಳಿ ಕೆಲಸ ಮಾಡುತ್ತಿರುತ್ತಾನೆ. ಅದು ರಿಯಲ್ ಟೈಮ್. ಇನ್ನೊಂದರಲ್ಲಿ ಚೌಕಾಬಾರದ ಹಾಗೆ ನನ್ನ ಸರದಿ, ಆಮೇಲೆ ನಿನ್ನ ಸರದಿ. ಅದು ಟರ್ನ್ ಬೇಸ್ಡ್. ಆಡುವವರೆಲ್ಲ ಬಲ್ಲ ಮಾತು ಇದು. ತಾಳ್ಮೆಯಿರುವವರಿಗೆ ಎರಡನೆಯದು ಅಂತ ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ, ಕೊನೆಗೆ ನಾನೂ ಅದನ್ನೇ ಹೇಳುವವನು. ಆದರೆ ಜನ ಕೊಡುವ ಕಾರಣ ಸರಿಯಿಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ಒಂದು ನಿಧಾನದ ಆಟ, ಇನ್ನೊಂದು ವೇಗದ ಆಟ, ಅಷ್ಟೇ ಅಂತ ತಿಳಿದವರು ಅಕ್ಕ ಆಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕಿತ್ತು.

ಕೂಡಿಟ್ಟ ಆಹಾರ

ಏಜ್ ಆಫ್ ಎಂಪೈರ್ಸ್ 2 ಶುರುವಾಗುವುದು ಒಂದು ಟೌನ್ ಸೆಂಟರ್, ಮೂವರು ಹಳ್ಳಿಗರು, ಕುದುರೆ ಮೇಲಿನ ಒಬ್ಬ ಸ್ಕೌಟ್, ಇಷ್ಟರಿಂದ. ಕೈಯಲ್ಲಿ 200 ಆಹಾರ, 200 ಮರ, ಸ್ವಲ್ಪ ಚಿನ್ನ, ಸ್ವಲ್ಪ ಕಲ್ಲು. ಒಬ್ಬ ಹೊಸ ಹಳ್ಳಿಗನನ್ನು ತಯಾರಿಸಲು 50 ಆಹಾರ ಬೇಕು, ಆಟದ ಗಡಿಯಾರದಲ್ಲಿ 25 ಸೆಕೆಂಡು ಹಿಡಿಯುತ್ತದೆ. ಟೌನ್ ಸೆಂಟರ್ ಒಂದು ಸಲಕ್ಕೆ ಒಬ್ಬನನ್ನೇ ತಯಾರಿಸುವುದು. ಜನ ಹೆಚ್ಚಬೇಕಾದರೆ ಮನೆ ಕಟ್ಟಬೇಕು, ಒಂದು ಮನೆಗೆ ಐದು ಜನ. ಶುರುವಿನಲ್ಲಿ ಟೌನ್ ಸೆಂಟರ್ ಒಂದೇ ಇರುವುದರಿಂದ ಐದು ಜನಕ್ಕೆ ಮಾತ್ರ ಜಾಗ, ಆಗಲೇ ನಾಲ್ವರಿರುತ್ತಾರೆ. ಅಂದರೆ ಮೊದಲ ಅರ್ಧ ನಿಮಿಷದೊಳಗೆ ಮನೆ ಏಳದಿದ್ದರೆ ಊರು ಅಲ್ಲೇ ನಿಂತುಬಿಡುತ್ತದೆ.

ಅಕ್ಕನ ಊರು ಮೊದಲನೇ ಆಟದಲ್ಲಿ ಅಲ್ಲೇ ನಿಂತಿತು. ಹೇಳಿಕೊಟ್ಟ ಮೇಲೆ ಎರಡನೇ ಆಟದಲ್ಲಿ ಸರಿಹೋಯಿತು. ಹಳ್ಳಿಗರನ್ನು ಕುರಿಗಳ ಹತ್ತಿರ ಕಳಿಸಿದಳು, ಮರ ಕಡಿಯಲು ನಾಲ್ವರನ್ನು ಇಟ್ಟಳು, ಸ್ಕೌಟನ್ನು ಸುತ್ತ ಓಡಿಸಿ ನಕಾಶೆ ನೋಡಿದಳು. ಒಂದೊಂದನ್ನೂ ನೆಟ್ಟಗೆ ಮಾಡಿದಳು. ಕುರಿ ಮುಗಿಯುವ ಮುಂಚೆ ಹೊಲ ಹಾಕಬೇಕು ಅನ್ನುವುದನ್ನು ನಾನು ಹೇಳುವ ಮೊದಲೇ ಲೆಕ್ಕ ಹಾಕಿಕೊಂಡಳು. ಎಂಟನೇ ನಿಮಿಷದ ಹೊತ್ತಿಗೆ ಪರದೆಯ ಮೇಲ್ಭಾಗ ತೋರಿಸಿ, "ನೋಡು, 640 ಆಹಾರ ಕೂಡಿಟ್ಟಿದೀನಿ" ಅಂದಳು. ತಿಂಗಳ ಸಂಬಳದಲ್ಲಿ ಮನೆ ನಡೆಸಿ, ಇಬ್ಬರು ಮಕ್ಕಳನ್ನು ಓದಿಸಿ, ಉಳಿತಾಯ ಮಾಡಿದವಳ ಮಾತು ಅದು. ಆ ಕ್ಷಣದಲ್ಲಿ ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ 640 ಅನ್ನುವುದು ಅವಳು ಸೋಲುತ್ತಿದ್ದಾಳೆ ಅನ್ನುವುದರ ಗುರುತು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಮರ ಕಡಿಯುವವರನ್ನು ಹೊಂದಿಸುವಾಗ, ಹೊಲಕ್ಕೆ ಜಾಗ ಹುಡುಕುವಾಗ, ಸ್ಕೌಟ್ ಎಲ್ಲಿದ್ದಾನೆ ಅಂತ ನೋಡುವಾಗ ಟೌನ್ ಸೆಂಟರ್ ಖಾಲಿ ಕೂತಿತ್ತು. ಒಂದೊಂದು ಸಲಕ್ಕೆ ಇಪ್ಪತ್ತು, ಮೂವತ್ತು ಸೆಕೆಂಡು. ಎಲ್ಲ ಸೇರಿ ಆ ಎಂಟು ನಿಮಿಷದಲ್ಲಿ ನಾಲ್ಕು ನಿಮಿಷದಷ್ಟು ಖಾಲಿ. ನಾಲ್ಕು ನಿಮಿಷ ಅಂದರೆ 240 ಸೆಕೆಂಡು, 25ರಿಂದ ಭಾಗಿಸಿದರೆ ಒಂಬತ್ತು ಹಳ್ಳಿಗರು ಹುಟ್ಟಲೇ ಇಲ್ಲ. ಒಬ್ಬ ಹಳ್ಳಿಗ ನಿಮಿಷಕ್ಕೆ ಹೆಚ್ಚುಕಡಿಮೆ 20ರಷ್ಟು ಆಹಾರವನ್ನೋ ಮರವನ್ನೋ ಚಿನ್ನವನ್ನೋ ತರುತ್ತಾನೆ. ಒಂಬತ್ತು ಜನ ಅಂದರೆ ನಿಮಿಷಕ್ಕೆ 180. ಮುಂದೆ ಬರುವ ನೈಟ್, ಅಂದರೆ ಕವಚ ತೊಟ್ಟ ಕುದುರೆ ಸವಾರನ ಬೆಲೆ 60 ಆಹಾರ, 75 ಚಿನ್ನ, ಒಟ್ಟು 135. ಅಂದರೆ ಅಲ್ಲಿಂದ ಮುಂದೆ ಪ್ರತಿ ನಿಮಿಷಕ್ಕೂ ಎದುರಾಳಿಗಿಂತ ಒಬ್ಬ ಸವಾರ ಕಡಿಮೆ, ಮೇಲೊಂದಿಷ್ಟು ನಷ್ಟ. ಇಪ್ಪತ್ತನೇ ನಿಮಿಷಕ್ಕೆ ಕಂಪ್ಯೂಟರಿನ ಸೈನ್ಯ ಬಂದಾಗ ಅಕ್ಕನ ಈಟಿಯವರು ಸರಿಯಾದ ಜಾಗದಲ್ಲೇ ನಿಂತಿದ್ದರು. ಕುದುರೆಗೆ ಈಟಿ ಅನ್ನುವುದನ್ನು ಅವಳು ಕೇಳಿಯೇ ಕಲಿತಿದ್ದಳು. ಆದರೆ ಇದ್ದವರು ಆರು ಜನ.

"ನಾನು ಎಲ್ಲಿ ತಪ್ಪಿದೆ?" ಅಂತ ಕೇಳಿದಳು. ಜಗಳ ನಡೆದ ಜಾಗ ನೋಡುತ್ತಿದ್ದಳು. ತಪ್ಪಿದ್ದದ್ದು ಹದಿನಾರು ನಿಮಿಷ ಹಿಂದೆ, ಪರದೆಯ ಇನ್ನೊಂದು ಮೂಲೆಯಲ್ಲಿ, ಏನೂ ನಡೆಯದೆ ಕೂತಿದ್ದ ಒಂದು ಕಟ್ಟಡದಲ್ಲಿ. ಏನೂ ನಡೆಯದಿರುವುದು ಕಣ್ಣಿಗೆ ಬೀಳುವುದಿಲ್ಲ.

ನಾಲ್ಕು ಒಲೆಯ ಅಡುಗೆ

ರಿಯಲ್ ಟೈಮ್ ಆಟ ಯಾವ ಗುಣವನ್ನು ಬೆಲೆಯಿಟ್ಟು ಕೊಳ್ಳುತ್ತದೆ ಅಂತ ಕೇಳಿದರೆ ಜನ ಕೈಚಳಕ ಅನ್ನುತ್ತಾರೆ. ಸ್ಟಾರ್‌ಕ್ರಾಫ್ಟ್ ಅನ್ನುವ ಇನ್ನೊಂದು ರಿಯಲ್ ಟೈಮ್ ಆಟದ ವೃತ್ತಿ ಆಟಗಾರರು ನಿಮಿಷಕ್ಕೆ 300ಕ್ಕೂ ಮಿಕ್ಕಿ ಕೀಲಿ, ಮೌಸ್ ಒತ್ತುತ್ತಾರೆ ಅನ್ನುವುದು ನಿಜವೇ. ಆದರೆ ಹೊಸಬರ ಹಂತದಲ್ಲಿ ಕೈಯ ವೇಗ ಲೆಕ್ಕಕ್ಕೇ ಬರುವುದಿಲ್ಲ. 25 ಸೆಕೆಂಡಿಗೆ ಒಂದು ಸಲ ಒಂದು ಕೀಲಿ ಒತ್ತಲು ಯಾರಿಗೆ ಬೆರಳಿಲ್ಲ? ಕಷ್ಟವಿರುವುದು ಆ ಇಪ್ಪತ್ತೈದು ಸೆಕೆಂಡು ಕಳೆಯಿತು ಅನ್ನುವುದು ನೆನಪಾಗುವುದರಲ್ಲಿ, ಅದೂ ಕಣ್ಣು ಬೇರೆ ಕಡೆ ನೆಟ್ಟಿರುವಾಗ.

ಹಬ್ಬದ ಅಡುಗೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಒಲೆಯಲ್ಲಿ ಅನ್ನ, ಒಂದರಲ್ಲಿ ಸಾರು, ಒಂದರಲ್ಲಿ ಪಾಯಸಕ್ಕಿಟ್ಟ ಹಾಲು, ಇನ್ನೊಂದರಲ್ಲಿ ಒಗ್ಗರಣೆ. ಒಗ್ಗರಣೆಯ ಸಾಸಿವೆ ಸಿಡಿಯುವುದನ್ನೇ ನೋಡುತ್ತ ನಿಂತರೆ ಹಾಲು ಉಕ್ಕುತ್ತದೆ. ಯಾವುದನ್ನೂ ಪರಿಪೂರ್ಣವಾಗಿ ನೋಡಲು ಪುರುಸೊತ್ತಿಲ್ಲ, ಎಲ್ಲವನ್ನೂ ಸಾಕಷ್ಟು ನೋಡಬೇಕು. ಯಾವುದನ್ನು ಈಗ ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಹೊತ್ತಿಹೋಗುತ್ತದೆ ಅನ್ನುವ ಅಂದಾಜು ಮೈಯಲ್ಲಿ ಕೂತಿರಬೇಕು. ಗಮನವೇ ಇಲ್ಲಿ ಆಹಾರ, ಮರ, ಚಿನ್ನದ ಜೊತೆ ಇನ್ನೊಂದು ಸಂಪತ್ತು. ಅದನ್ನು ಎಲ್ಲಿ ಎಷ್ಟು ಖರ್ಚು ಮಾಡುತ್ತೀರಿ ಅನ್ನುವುದೇ ಆಟ.

ಶಿವಮೊಗ್ಗದಲ್ಲಿ ಓದುವಾಗ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ನಾವು ನಾಲ್ಕೈದು ಜನ ಗಂಟೆಗೆ ಇಷ್ಟು ಅಂತ ಕೊಟ್ಟು ಇದೇ ಆಟ ಆಡುತ್ತಿದ್ದೆವು. ನಮ್ಮಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದವನು ಬಹಳ ಯೋಚಿಸುವವನಲ್ಲ. ಅವನ ಎಡಗೈ ಮಾತ್ರ ಒಂದು ತಾಳ ಹಿಡಿದಂತೆ ಅದೇ ಎರಡು ಕೀಲಿಗಳ ಮೇಲೆ ಬೀಳುತ್ತಿತ್ತು. ಟೌನ್ ಸೆಂಟರ್‌ಗೆ ಹೋಗುವ ಕೀಲಿ, ಹಳ್ಳಿಗನನ್ನು ತಯಾರಿಸುವ ಕೀಲಿ. ಜಗಳದ ಮಧ್ಯೆಯೂ, ಪಕ್ಕದವನ ಜೊತೆ ಮಾತಾಡುತ್ತಲೂ. ಈಗಿನ ಡೆಫಿನಿಟಿವ್ ಎಡಿಷನ್‌ನಲ್ಲಿ ಅದು `H`, ಆಮೇಲೆ `Q`. ಕೆಲಸವಿಲ್ಲದೆ ನಿಂತ ಹಳ್ಳಿಗನನ್ನು ಹುಡುಕಲು ಚುಕ್ಕೆಯ ಕೀಲಿ. ಈ ಮೂರು ಅಭ್ಯಾಸವಾದರೆ ಹೊಸಬರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಗೆಲ್ಲಬಹುದು ಅಂತ ನನ್ನ ಅನುಭವ. ಇದರಲ್ಲಿ ಯೋಜನೆಯ ಜಾಣತನ ಬಹಳ ಬೇಕಿಲ್ಲ. ನಿಲ್ಲದ ಒಂದು ಲಯ ಬೇಕು.

ತಾಳ್ಮೆಯವರಿಗೆ ಇದು ಯಾಕೆ ಒಗ್ಗುವುದಿಲ್ಲ ಅನ್ನುವುದು ಇಲ್ಲೇ ಇದೆ. ತಾಳ್ಮೆ ಅನ್ನುವ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಗುಣಗಳನ್ನು ಕರೆಯುತ್ತೇವೆ. ಕೈಗೆತ್ತಿಕೊಂಡ ಒಂದು ವಿಷಯವನ್ನು ಕೊನೆಮುಟ್ಟ ಬಿಡದೆ ನೋಡುವುದು ಒಂದು. ಸಿಕ್ಕಿದ್ದನ್ನು ಕೂಡಲೇ ಖರ್ಚು ಮಾಡದೆ ಕಾಯುವುದು ಇನ್ನೊಂದು. ಅಕ್ಕನಲ್ಲಿ ಎರಡೂ ಇವೆ. ರಿಯಲ್ ಟೈಮ್ ಆಟ ಎರಡಕ್ಕೂ ದಂಡ ಹಾಕುತ್ತದೆ. ಒಂದರಲ್ಲೇ ಕಣ್ಣು ನೆಟ್ಟರೆ ಉಳಿದದ್ದು ನಿಲ್ಲುತ್ತದೆ, ಕೂಡಿಟ್ಟರೆ ಕೂಡಿಟ್ಟದ್ದೆಲ್ಲ ಕೆಲಸಕ್ಕೆ ಬಾರದ ಸಂಖ್ಯೆ. ಆಟದ ಎರಡನೇ ಯುಗವಾದ ಫ್ಯೂಡಲ್ ಏಜ್‌ಗೆ ಏರಲು 500 ಆಹಾರ ಒಟ್ಟು ಮಾಡುವಂಥ ಒಂದೆರಡು ಸಂದರ್ಭ ಬಿಟ್ಟರೆ ಆ ಆಟದಲ್ಲಿ ಉಳಿತಾಯ ಅನ್ನುವುದು ಮರೆವಿನ ಇನ್ನೊಂದು ಹೆಸರು.

ಆಟದ ವೇಗ ಕಡಿಮೆ ಮಾಡಿದರೆ ಸಾಲದೇ ಅಂತ ಕೇಳಬಹುದು. ಒಬ್ಬರೇ ಆಡುವಾಗ ಅದಕ್ಕೆ ದಾರಿಯಿದೆ. ಡೆಫಿನಿಟಿವ್ ಎಡಿಷನ್‌ನ ಸಾಮಾನ್ಯ ವೇಗದಲ್ಲಿ ಆಟದ ಗಡಿಯಾರ ನಮ್ಮ ಗಡಿಯಾರಕ್ಕಿಂತ 1.7 ಪಟ್ಟು ಜೋರಾಗಿ ಓಡುತ್ತದೆ. ಅಂದರೆ ಆ 25 ಸೆಕೆಂಡು ನಿಜದಲ್ಲಿ ಹದಿನೈದೇ. ಅಕ್ಕನ ಮೂರನೇ ಆಟವನ್ನು ಅತಿ ನಿಧಾನದ ವೇಗದಲ್ಲಿ ಇಟ್ಟೆ. ಅವಳು ಸಿಕ್ಕ ಸಮಯವನ್ನೆಲ್ಲ ಹೊಲಗಳನ್ನು ಸಾಲಾಗಿ ಜೋಡಿಸುವುದಕ್ಕೆ ಕೊಟ್ಟಳು. ಟೌನ್ ಸೆಂಟರ್ ಮತ್ತೆ ಖಾಲಿ. ಸಮಯ ಹೆಚ್ಚು ಕೊಟ್ಟರೆ ತಾಳ್ಮೆಯವರು ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತಾರೆ, ಇನ್ನೊಂದು ಕೆಲಸದ ಕಡೆ ತಿರುಗುವುದಿಲ್ಲ.

ಹೊಳೆಯ ಈಚೆ ದಡ

ಹೊರಡುವ ಹಿಂದಿನ ದಿನ ಅಕ್ಕನ ಲ್ಯಾಪ್‌ಟಾಪಿಗೆ ಬ್ಯಾಟಲ್ ಫಾರ್ ವೆಸ್ನಾತ್ ಹಾಕಿಕೊಟ್ಟೆ. ಡೇವಿಡ್ ವೈಟ್ ಅನ್ನುವವರು 2003ರಲ್ಲಿ ಶುರುಮಾಡಿದ ಆಟ, ಆಮೇಲೆ ಜಗತ್ತಿನ ಎಲ್ಲೆಲ್ಲಿಂದಲೋ ಜನ ಸೇರಿ ಬೆಳೆಸಿದ್ದು. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಜೇನುಗೂಡಿನ ಕೋಣೆಗಳಂಥ ಆರು ಮೂಲೆಯ ಮನೆಗಳಿಂದಾದ ನಕಾಶೆ. ನನ್ನ ಸರದಿಯಲ್ಲಿ ನನ್ನವರನ್ನೆಲ್ಲ ನಡೆಸಿ ಮುಗಿಸುವವರೆಗೂ ಎದುರಾಳಿ ಅಲ್ಲಾಡುವುದಿಲ್ಲ.

ಈ ಆಟದಲ್ಲಿ ಎರಡು ವಿಷಯ ಮುಖ್ಯ. ಒಂದು, ನಿಂತ ನೆಲ. ಹೊಡೆತ ತಗಲುವ ಸಂಭವ ಹೊಡೆಸಿಕೊಳ್ಳುವವನು ಎಲ್ಲಿ ನಿಂತಿದ್ದಾನೆ ಅನ್ನುವುದರ ಮೇಲೆ. ಸಾಧಾರಣ ಈಟಿಗಾರ ಹುಲ್ಲುಬಯಲಿನಲ್ಲಿದ್ದರೆ ನೂರಕ್ಕೆ 60 ಹೊಡೆತ ತಗಲುತ್ತವೆ, ಹಳ್ಳಿಯೊಳಗಿದ್ದರೆ 40, ನೀರಿನಲ್ಲಿದ್ದರೆ 80. ಎರಡು, ಹೊತ್ತು. ಆರು ಸರದಿಗೆ ಒಂದು ದಿನ: ನಸುಕು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. ಮನುಷ್ಯರ ಸೈನ್ಯಕ್ಕೆ ಬೆಳಗ್ಗೆ, ಮಧ್ಯಾಹ್ನ ನೂರಕ್ಕೆ 25 ಹೆಚ್ಚು ಬಲ, ರಾತ್ರಿ ಅಷ್ಟೇ ಕಡಿಮೆ. ಓರ್ಕ್ ಅನ್ನುವ ರಾಕ್ಷಸರಿಗೆ ಇದು ತಿರುವುಮುರುವು. ನಸುಕು, ಮುಸ್ಸಂಜೆಯಲ್ಲಿ ಇಬ್ಬರೂ ಸಮ.

ಮೂರು ವಾರದ ನಂತರ ಮತ್ತೆ ಊರಿಗೆ ಹೋದಾಗ ಅಕ್ಕ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ರೂಲ್ ಎಳೆದ ನೋಟ್‌ಬುಕ್ಕು ಇಟ್ಟುಕೊಂಡು ಕೂತಿದ್ದಳು. ಏಳನೇ ಸರದಿ, ನಸುಕು. ಎರಡು ಮನೆ ಅಗಲದ ಹೊಳೆ. ಈಚೆ ದಡದ ಹುಲ್ಲಿನ ಮೇಲೆ ಅವಳ ಮೂವರು ಈಟಿಗಾರರು. ಆಚೆ ದಡದಿಂದ ರಾತ್ರಿ ಇಳಿದ ಒಬ್ಬ ಗ್ರಂಟ್, ಅಂದರೆ ಓರ್ಕ್‌ಗಳ ಕಾಲಾಳು, ಹೊಳೆಯ ಮೊದಲರ್ಧದಲ್ಲಿ ನಿಂತಿದ್ದ. ನೀರಿನ ಒಂದು ಮನೆ ದಾಟಲು ಮೂರು ಹೆಜ್ಜೆಯ ಖರ್ಚು, ಅವನಿಗಿರುವುದು ಐದು ಹೆಜ್ಜೆ, ಹಾಗಾಗಿ ಒಂದೇ ಸರದಿಯಲ್ಲಿ ಎರಡು ಮನೆ ದಾಟಲು ಅವನಿಂದಾಗಿರಲಿಲ್ಲ. ಅವನ ಹಿಂದೆ ದಡದಲ್ಲಿ ಇನ್ನೂ ಮೂವರು ಸಾಲಾಗಿ ಕಾಯುತ್ತಿದ್ದರು.

ನನ್ನ ಕೈ ತುರಿಸಿತು. "ಅಕ್ಕಾ, ಅವನು ನೀರಲ್ಲಿದಾನೆ. ಈಗಲೇ ಇಳಿದು ಹೊಡಿ. ಇಬ್ಬರು ಸಾಕು" ಅಂದೆ.

"ತಡಿಯೋ. ಅವನ ಜೀವ ಎಷ್ಟು? ಮೂವತ್ತೆಂಟು. ನನ್ನವನು ಒಂದು ಸಲಕ್ಕೆ ಮೂರು ಏಟು ಹಾಕ್ತಾನೆ, ಏಟಿಗೆ ಏಳು. ಇಬ್ಬರು ಸೇರಿದ್ರೆ ಆರು ಏಟು, ಆರೇಳ್ಲಿ ನಲವತ್ತೆರಡು. ಐದೇ ಬಿದ್ರೆ ಮೂವತ್ತೈದು, ಸಾಯಲ್ಲ. ಅಂದ್ರೆ ಆರಕ್ಕೆ ಆರೂ ಬೀಳ್ಬೇಕು."

ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದು ತೋರಿಸಿದಳು. ಒಂದು ಏಟು ತಗಲುವ ಸಂಭವ 0.8. ಅದನ್ನು ಆರು ಸಲ ಗುಣಿಸಿದರೆ 0.26. ನಾಲ್ಕು ಸಲ ಇಳಿದರೆ ಒಂದು ಸಲ ಸಾಯುತ್ತಾನೆ. ಉಳಿದ ಮೂರು ಸಲ ಅವಳ ಇಬ್ಬರೂ ನಡುನೀರಿನಲ್ಲಿ ಸಿಕ್ಕಿಬೀಳುತ್ತಾರೆ, ಅಲ್ಲಿ ಓರ್ಕ್‌ನ ನೂರರಲ್ಲಿ 80 ಏಟು ಅವರಿಗೂ ತಗಲುತ್ತದೆ. "ಅವರಿಗೆ ನೀರಾದ್ರೆ ನಮಗೂ ನೀರೇ ಅಲ್ವೇನೋ" ಅಂದಳು.

ನೀರಿಗಿಳಿಯಲಿಲ್ಲ. ದಡದಲ್ಲಿದ್ದವರನ್ನು ಅಲ್ಲಲ್ಲೇ ಬಿಟ್ಟು ಸರದಿ ಮುಗಿಸಿದಳು. ಕಂಪ್ಯೂಟರಿನ ಓರ್ಕ್ ಕಾಯುವ ಜಾತಿಯಲ್ಲ. ಮುಂದಿನ ನೀರಿನ ಮನೆಗೆ ಬಂದ. ವೆಸ್ನಾತಿನಲ್ಲಿ ಶತ್ರುವಿನ ಪಕ್ಕದ ಮನೆಗೆ ಕಾಲಿಟ್ಟರೆ ಅಲ್ಲಿಗೆ ನಡಿಗೆ ಮುಗಿಯಿತು, ಆದ್ದರಿಂದ ದಡ ಹತ್ತಲು ಆಗಲಿಲ್ಲ. ಅಲ್ಲಿಂದಲೇ ನಡುವಿನ ಈಟಿಗಾರನ ಮೇಲೆ ಬಿದ್ದ. ಎರಡು ಏಟಿನಲ್ಲಿ ಒಂದು ತಗಲಿತು, ಒಂಬತ್ತು ಹೋಯಿತು. ಆದರೆ ಈಟಿ ಉದ್ದ, ಮೈಮೇಲೆ ಬಂದಾಗಲೂ ಮೊದಲ ಏಟು ಈಟಿಯವನದೇ. ಅವನ ಮೂರರಲ್ಲಿ ಎರಡು ತಗಲಿದವು. 38ರಲ್ಲಿ 14 ಕಳೆದು 24.

ಎಂಟನೇ ಸರದಿ, ಬೆಳಗ್ಗೆ. ಈಗ ಅವಳ ಒಂದೊಂದು ಏಟಿಗೆ 7ರ ಬದಲು 9. ಉಳಿದ 24ಕ್ಕೆ ಮೂರು ಏಟು ಸಾಕು. ಇಬ್ಬರ ಆರು ಏಟಿನಲ್ಲಿ ಮೂರಾದರೂ ಬೀಳುವ ಸಂಭವ ನೂರಕ್ಕೆ 98. ಹಿಂದಿನ ಸರದಿಯ ನೂರಕ್ಕೆ 26 ಈ ಸರದಿಗೆ 98 ಆಗಿತ್ತು, ಅದೂ ಅವಳ ಕಾಲು ಹುಲ್ಲಿನ ಮೇಲೇ ಇದ್ದಾಗ. ಮೊದಲನೆಯವನ ಮೂರು ಏಟಿಗೇ ಅವನು ಬಿದ್ದ. ಎರಡನೆಯವನು ಮುಟ್ಟದೇ ಉಳಿದ. ಆಚೆ ದಡದ ಮೂವರಲ್ಲಿ ಇನ್ನೊಬ್ಬ ಆಗಲೇ ನೀರಿಗಿಳಿದಿದ್ದ, ಅದೂ ಹಗಲಿನಲ್ಲಿ.

ಈ ದೃಶ್ಯ ನನಗೆ ಬಹಳ ಹೊತ್ತು ಮನಸ್ಸಿನಿಂದ ಹೋಗಲಿಲ್ಲ. ಇದೇ ಅಕ್ಕ, ಅದೇ ತಲೆ. ದೀಪಾವಳಿಯಲ್ಲಿ ಅವಳನ್ನು ಸೋಲಿಸಿದ ಗುಣವೇ ಇಲ್ಲಿ ಗೆಲ್ಲಿಸುತ್ತಿತ್ತು. ಚಿಕ್ಕವರಿದ್ದಾಗ ಅಳಿಗುಳಿ ಮಣೆಯಲ್ಲಿ ಹರಳು ಎತ್ತುವ ಮೊದಲೇ ಎಲ್ಲಿ ಮುಗಿಯುತ್ತದೆ ಅಂತ ಕಣ್ಣಲ್ಲೇ ಎಣಿಸಿ, ಆಮೇಲೆ ಕೈ ಹಾಕುತ್ತಿದ್ದವಳು ಅವಳು. ನಾವೆಲ್ಲ ತುಂಬಿದ ಗುಳಿ ಕಂಡ ಕೂಡಲೇ ಎತ್ತುತ್ತಿದ್ದೆವು.

ಸೋಲು ಕಾಣಿಸುವ ದೂರ

ತಾಳ್ಮೆಯ ಹೊಸಬರಿಗೆ ಟರ್ನ್ ಬೇಸ್ಡ್ ಆಟ ಒಗ್ಗುವುದಕ್ಕೆ ಯೋಚಿಸಲು ಸಮಯ ಸಿಗುವುದು ಅರ್ಧ ಕಾರಣ. ತಪ್ಪು ಮತ್ತು ಅದರ ಫಲದ ನಡುವಿನ ದೂರ ಉಳಿದರ್ಧ. ಅಕ್ಕ ಏಳನೇ ಸರದಿಯಲ್ಲಿ ನೀರಿಗಿಳಿದು ಇಬ್ಬರನ್ನು ಕಳೆದುಕೊಂಡಿದ್ದರೆ ಅದು ಎಂಟನೇ ಸರದಿಯಲ್ಲಿ ಅವಳ ಕಣ್ಣೆದುರೇ ಇರುತ್ತಿತ್ತು, ಅದೇ ಹೊಳೆಯಲ್ಲಿ. ಏಜ್ ಆಫ್ ಎಂಪೈರ್ಸ್‌ನಲ್ಲಿ ನಾಲ್ಕನೇ ನಿಮಿಷದ ತಪ್ಪಿನ ಬಿಲ್ಲು ಇಪ್ಪತ್ತನೇ ನಿಮಿಷಕ್ಕೆ ಬರುತ್ತದೆ, ಬೇರೆ ವಿಳಾಸಕ್ಕೆ. ಯೋಚಿಸಿ ಕಲಿಯುವವರಿಗೆ ಯೋಚಿಸಲು ಒಂದು ಹಿಡಿ ಬೇಕು. ಅದು ಸಿಗದಿದ್ದರೆ ಅವರ ತಾಳ್ಮೆ ಖರ್ಚಾಗುವುದು ತಪ್ಪಾದ ಜಾಗದಲ್ಲಿ. ಅಕ್ಕ ಈಟಿಯವರನ್ನು ಎಲ್ಲಿ ನಿಲ್ಲಿಸಬೇಕಿತ್ತು ಅಂತ ಎರಡು ದಿನ ಯೋಚಿಸಿದ ಹಾಗೆ.

ಹಾಗಂತ ಸರದಿಯ ಆಟದಲ್ಲಿ ಸೋಲಿನ ಕಾರಣ ಯಾವಾಗಲೂ ಸ್ಪಷ್ಟ ಅಂತಲ್ಲ. ಅಲ್ಲಿ ಕಣ್ಣಿಗೆ ಮಣ್ಣೆರಚುವುದು ಅದೃಷ್ಟ. ನೂರಕ್ಕೆ 98 ಅಂದರೆ ಐವತ್ತು ಸಲದಲ್ಲಿ ಒಂದು ಸಲ ತಪ್ಪುತ್ತದೆ, ಆ ಒಂದು ಸಲ ಇವತ್ತೇ ಬರಬಹುದು. ಹೊಸಬರು ಆಗ ಮಾಡುವ ಕೆಲಸವೆಂದರೆ ಉಳಿಸಿಟ್ಟ ಆಟಕ್ಕೆ ವಾಪಸು ಹೋಗಿ ಅದೇ ಏಟನ್ನು ಮತ್ತೆ ಹೊಡೆಯುವುದು. ಅಕ್ಕನಿಗೆ ನಾನು ಹಾಕಿದ ಒಂದೇ ನಿಬಂಧನೆ ಇದು: ಹಿಂದಕ್ಕೆ ಹೋಗಬೇಡ. ಯಾಕೆಂದರೆ ಹಿಂದಕ್ಕೆ ಹೋಗಿ ಹೋಗಿ 26ರ ಏಟನ್ನೂ ಗೆಲ್ಲಬಹುದು, ಆಮೇಲೆ ನೀರಿಗಿಳಿಯುವುದೇ ಸರಿ ಅಂತ ಕೈ ಕಲಿತುಬಿಡುತ್ತದೆ. ಬದಲಿಗೆ ಹೊಡೆಯುವ ಮುಂಚೆ ಆಯುಧ ಆರಿಸುವ ಕಿಟಕಿಯಲ್ಲಿರುವ `Damage Calculations` ಒತ್ತಿ, ಬರುವ ಪಟ್ಟಿ ನೋಡಿ, ಅದೃಷ್ಟ ಕೆಟ್ಟರೆ ನನ್ನ ಸ್ಥಿತಿ ಏನು ಅನ್ನುವುದನ್ನೂ ಓದಿಕೊಳ್ಳಬೇಕು. ಒಳ್ಳೆಯ ನಿರ್ಧಾರ, ಕೆಟ್ಟ ಫಲ: ಇವೆರಡನ್ನು ಬೇರೆ ಬೇರೆ ಇಟ್ಟು ನೋಡಲು ಬರುವುದು ಈ ಆಟ ಕೊಡುವ ದೊಡ್ಡ ಕಲಿಕೆ. ಅಕ್ಕನಿಗೆ ಅದು ಬೇಗ ಬಂತು, ಸಂಭವನೀಯತೆಯ ಪಾಠ ಮಾಡಿದವಳು.

ಅವಳಿಗೆ ಕಷ್ಟವಾದದ್ದು ಬೇರೆಯದು. ಕಾಯುವುದು ಫಲ ಕೊಟ್ಟಿತು ಅಂತ ಅವಳು ಎಲ್ಲ ಕಡೆ ಕಾಯತೊಡಗಿದಳು. ಮುಂದಿನ ಆಟದಲ್ಲಿ ಗಾಯವಾದವರೆಲ್ಲ ಹಳ್ಳಿಯಲ್ಲಿ ಕೂತು ಸರದಿಗೆ 8ರಂತೆ ಚೇತರಿಸಿಕೊಳ್ಳಲಿ, ಹಿಂದಿನ ಕುದುರೆಯವನೂ ಬಂದು ಸೇರಲಿ, ಆಮೇಲೆ ಎಲ್ಲರೂ ಒಟ್ಟಿಗೆ ನುಗ್ಗೋಣ ಅಂತ ಬೆಳಗ್ಗೆ, ಮಧ್ಯಾಹ್ನ ಎರಡೂ ಕಳೆದಳು. ಮುಸ್ಸಂಜೆಗೆ ಹೊರಟಳು. ಶತ್ರುವಿನ ಕೋಟೆ ಮುಟ್ಟುವಾಗ ರಾತ್ರಿಯ ಮೊದಲ ಜಾವ. ಅವಳ 9ರ ಏಟು 5 ಆಗಿತ್ತು, ಎದುರಿನವನ 9 ಈಗ 11. ಐದು ಜನ ಎರಡೇ ಸರದಿಯಲ್ಲಿ ಹೋದರು. ಹಗಲಿನ ಬಲ ಆರು ಸರದಿಯಲ್ಲಿ ಎರಡು ಸರದಿಗೆ ಮಾತ್ರ. ಅದನ್ನು ಹಿಡಿಯಬೇಕಾದರೆ ರಾತ್ರಿಯ ಎರಡನೇ ಜಾವದಲ್ಲೇ ಹೊರಟಿರಬೇಕು, ಅಂದರೆ ಎಲ್ಲವೂ ಸಿದ್ಧವಾಗುವ ಮೊದಲೇ. ಆಟದ ಕಥಾಸರಣಿಗಳಲ್ಲಿ ಇಷ್ಟು ಸರದಿಯೊಳಗೆ ಮುಗಿಸಬೇಕು ಅನ್ನುವ ಗಡುವೂ ಇರುತ್ತದೆ. ಸರದಿಯ ಆಟದಲ್ಲೂ ಗಡಿಯಾರವಿದೆ, ಅದು ನಮ್ಮ ಯೋಚನೆಯ ಹೊತ್ತನ್ನು ಎಣಿಸುವುದಿಲ್ಲ, ನಮ್ಮ ನಿರ್ಧಾರಗಳನ್ನು ಎಣಿಸುತ್ತದೆ. ಮೇಜಿನ ಮುಂದೆ ಅರ್ಧ ಗಂಟೆ ಕೂರಬಹುದು. ನಕಾಶೆಯ ಮೇಲೆ ಒಂದು ಸರದಿ ಸುಮ್ಮನೆ ಕೂರುವುದಕ್ಕೆ ಮಾತ್ರ ಬೆಲೆ ತೆರಬೇಕು.

ಇದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಸೋತ ಆಟದ ಪಕ್ಕ ನೋಟ್‌ಬುಕ್ಕಿನಲ್ಲಿ "10ನೇ ಸರದಿಗೆ ಹೊರಟದ್ದು ತಪ್ಪು, 12ರವರೆಗೆ ಇರಬೇಕಿತ್ತು, ಇಲ್ಲಾ 6ಕ್ಕೇ ಹೋಗಬೇಕಿತ್ತು" ಅಂತ ಬರೆದಿಟ್ಟಿದ್ದಳು. ದೀಪಾವಳಿಯಲ್ಲಿ ಮೂರು ಸೋಲಿಗೆ ಒಂದು ಸಾಲೂ ಬರೆಯಲು ಆಗದವಳು.

ಮತ್ತೆ ಟೌನ್ ಸೆಂಟರ್

ಹಾಗಾದರೆ ತಾಳ್ಮೆಯವರು ರಿಯಲ್ ಟೈಮ್ ಆಟದ ಹತ್ತಿರ ಹೋಗಲೇಬಾರದೇ? ಹೋಗಬಹುದು, ಎರಡನೆಯದಾಗಿ ಹೋದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ವೆಸ್ನಾತಿನಲ್ಲಿ ಕಲಿತ ಎಷ್ಟೋ ವಿಷಯ ಅಲ್ಲಿಗೂ ಬರುತ್ತದೆ. ಯಾರ ಎದುರು ಯಾರು ಅನ್ನುವುದು ಬರುತ್ತದೆ. ನೆಲ ನೋಡುವ ಕಣ್ಣು ಬರುತ್ತದೆ, ಏಜ್ ಆಫ್ ಎಂಪೈರ್ಸ್ 2ರಲ್ಲೂ ಗುಡ್ಡದ ಮೇಲಿಂದ ಕೆಳಗಿನವನಿಗೆ ಹೊಡೆದರೆ ನೂರಕ್ಕೆ 25 ಹೆಚ್ಚು ಪೆಟ್ಟು. ಬಾರದಿರುವುದು ಆ ಲಯ ಒಂದೇ. ಅದನ್ನು ಯುದ್ಧದ ಮಧ್ಯೆ ಕಲಿಯಲು ಹೋಗಬಾರದು, ಬೇರೆಯಾಗಿ ಕೂತು ರೂಢಿಸಿಕೊಳ್ಳಬೇಕು, ಸಂಗೀತದವರು ಸರಳೆ ವರಸೆ ಹಾಡಿದ ಹಾಗೆ.

ಸಂಕ್ರಾಂತಿಗೆ ಹೋದಾಗ ಅಕ್ಕನೇ ಕೇಳಿದಳು, "ಆ ಇನ್ನೊಂದು ಆಟ ಮತ್ತೆ ಹಾಕ್ಕೊಡು." ಈ ಸಲ ಎದುರಾಳಿಯನ್ನು ಅತ್ಯಂತ ಸುಲಭದ ಮಟ್ಟಕ್ಕಿಟ್ಟೆ. ಗೆಲ್ಲುವ ಮಾತೇ ಬೇಡ, ಆಟದ ಗಡಿಯಾರದಲ್ಲಿ ಹತ್ತು ನಿಮಿಷ ಮಾತ್ರ ಆಡು, ಒಂದೇ ಕೆಲಸ: ಟೌನ್ ಸೆಂಟರ್ ಖಾಲಿ ಬಿಡಬಾರದು, ಮನೆಯ ಕೊರತೆಯಿಂದ ನಿಲ್ಲಬಾರದು ಅಂದೆ. ಹೊಲ ಸೊಟ್ಟಗಿರಲಿ, ಸ್ಕೌಟ್ ಎಲ್ಲಾದರೂ ನಿಂತಿರಲಿ. ಲೆಕ್ಕದ ಪ್ರಕಾರ ಹತ್ತು ನಿಮಿಷದಲ್ಲಿ ಒಂದೂ ಕ್ಷಣ ಬಿಡದೆ ತಯಾರಿಸಿದರೆ 24 ಹೊಸ ಹಳ್ಳಿಗರು, ಮೊದಲಿನ ಮೂವರು ಸೇರಿ 27. ಅಕ್ಕನ ಮೊದಲ ಪ್ರಯತ್ನ 15. ಎರಡನೆಯದು 17. ಮೂರನೆಯದರಲ್ಲಿ ಮತ್ತೆ 15.

ಅವಳಿಗೆ ಆಟದ ರೆಕಾರ್ಡಿಂಗ್ ನೋಡುವುದು ಹೇಗೆ ಅಂತ ತೋರಿಸಿದೆ. ಏಜ್ ಆಫ್ ಎಂಪೈರ್ಸ್‌ನಲ್ಲಿ ಆಡಿದ ಆಟವನ್ನು ಮತ್ತೆ ಮೊದಲಿಂದ ಓಡಿಸಿ, ಬೇಕಾದಲ್ಲಿ ನಿಲ್ಲಿಸಬಹುದು. ಅಕ್ಕ ನೋಟ್‌ಬುಕ್ಕು ತೆಗೆದುಕೊಂಡು ಬಂದು ಕನ್ನಡಕ ಸರಿಮಾಡಿಕೊಂಡಳು. ಎರಡನೇ ನಿಮಿಷ, ಮೂರನೇ ನಿಮಿಷ. "ನಿಲ್ಸು ನಿಲ್ಸು" ಅಂದಳು. ಪರದೆಯಲ್ಲಿ ಮರ ಕಡಿಯುವವರ ಸುತ್ತ ಅವಳ ಗಮನವೆಲ್ಲ ಇತ್ತು, ಟೌನ್ ಸೆಂಟರ್ ಖಾಲಿಯಾಗಿ ಹನ್ನೊಂದು ಸೆಕೆಂಡು. ಮತ್ತೆ ಓಡಿಸಿದೆ. ನಲವತ್ತನೇ ಸೆಕೆಂಡಿಗೆ ಅವಳು ಅಲ್ಲಿಗೆ ಬಂದಳು.

"ಮರ ಕಡಿಯೋಕೆ ಒಬ್ಬನ್ನ ಕಳಿಸಿದ ಕೂಡ್ಲೇ ವಾಪಸ್ ಬರ್ಬೇಕಿತ್ತು. ನಾನು ಅವನು ಹೋಗಿ ಮುಟ್ಟೋವರೆಗೂ ಅವನ ಹಿಂದೆನೇ ಹೋಗಿದೀನಿ ನೋಡು" ಅಂದಳು. ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಅದರ ಕೆಳಗೆ "ಕಳಿಸು, ನೋಡಬೇಡ, `H`" ಅಂತ ಬರೆದುಕೊಂಡಳು. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಹೊಸ ಆಟ ಶುರುಮಾಡಿದಳು. ಆ ಸಲ 19 ಆಯಿತು.